ಸಪೋಟ ಎಂಟು ದಿನ ಅಕ್ಕಿಯಲ್ಲಿಟ್ಟರೂ ಅಂಟು, ಸೀತಾಫಲ ಕಪ್ಪು ಕಲ್ಲು. ತಪ್ಪಿದ್ದು ಎಲ್ಲಿ?

ಹೊಸನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ಒಂದು ಸಪೋಟ ಮರ ಇದೆ, ಬಾವಿ ಪಕ್ಕ ಒಂದು ಸೀತಾಫಲದ ಗಿಡ. ಸಪೋಟ ಈ ಸಲ ಚೆನ್ನಾಗಿ ಕಚ್ಚಿತ್ತು. ಆದರೆ ದಸರಾ ಮುಗಿಯುತ್ತಿದ್ದ ಹಾಗೆ ಮಂಗಗಳ ಹಿಂಡು ಬಂತು. ಒಂದೇ ಬೆಳಿಗ್ಗೆ ಅರ್ಧ ಮರ ಖಾಲಿ. ತಿಂದಿದ್ದು ಕಡಿಮೆ, ಒಂದೊಂದು ಕಚ್ಚಿ ಎಸೆದಿದ್ದೇ ಜಾಸ್ತಿ. ಇನ್ನು ಬಿಟ್ಟರೆ ಏನೂ ಉಳಿಯಲ್ಲ ಅಂತ ನಮ್ಮವರು ದೋಟಿ ತಗೊಂಡು ಮರದಲ್ಲಿದ್ದ ಕಾಯನ್ನೆಲ್ಲ ಇಳಿಸಿದರು. ಅರವತ್ತರ ಮೇಲಿತ್ತು. ಸೀತಾಫಲವೂ ಒಂದು ಹದಿನೈದು ಕೊಯ್ದೆವು.

ಎಲ್ಲವನ್ನೂ ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟೆ. ಎಂಟು ದಿನ ಬಿಟ್ಟು ತೆಗೆದರೆ ಸಪೋಟದಲ್ಲಿ ಹತ್ತೋ ಹನ್ನೆರಡೋ ಒಳ್ಳೆ ಹಣ್ಣು. ಉಳಿದವು ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ತಿಂದರೆ ಬಾಯೆಲ್ಲ ಒಗರು, ತುಟಿಗೆ ಗೋಂದು ಹಚ್ಚಿದ ಹಾಗೆ ಅಂಟು. ನನ್ನ ಮಗ ತುಟಿ ಬಿಡಿಸಲಾಗದೆ ಅತ್ತೇಬಿಟ್ಟ. ಸೀತಾಫಲದಲ್ಲಿ ಮೂರು ಹಣ್ಣಾದವು, ಉಳಿದದ್ದು ಕಪ್ಪಾಗಿ ಕಲ್ಲಿನ ಹಾಗೆ ಕೂತಿವೆ. ಮರದ ಜಾತಿಯೇ ಕೆಟ್ಟದ್ದಾ, ನಾನು ಇಟ್ಟಿದ್ದು ಸರಿಯಿಲ್ಲವಾ?

ತುಂಗೆ ದಂಡೆ

ಎಂಟು ದಿನ ಸಾಲಲ್ಲ ಅಷ್ಟೇ. ನಮ್ಮ ಅಜ್ಜಿ ಕಣಜದಲ್ಲಿ ಭತ್ತದ ಮಧ್ಯೆ ಇಡುತ್ತಿದ್ದರು. ಭತ್ತದ ಕಾವಿಗೆ ಎಂಥಾ ಕಾಯಿಯಾದರೂ ಹಣ್ಣಾಗಲೇಬೇಕು. ಈಗಿನ ಪಾಲಿಶ್ ಅಕ್ಕಿಯಲ್ಲಿ ಕಾವು ಎಲ್ಲಿಂದ ಬರಬೇಕು? ಇನ್ನೊಂದು ವಾರ ಬಿಡಿ.

ಸಾಗರದವಳು, ಈಗ ಬೆಂಗಳೂರು

ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅಕ್ಕಾ, ನೀರಲ್ಲಿ ತಿಕ್ಕಬೇಡಿ. ನೀರಿಗೆ ಅದು ಬಿಡಲ್ಲ, ಇನ್ನೂ ಹರಡುತ್ತೆ. ಚಾಕುವಿಗೂ ಅಷ್ಟೇ, ಕೊಯ್ಯುವ ಮೊದಲೇ ಎಣ್ಣೆ ಸವರಿಕೊಳ್ಳಿ.

ಕಸಿಗತ್ತಿ

ಅಕ್ಕಾ, ನಾನು ಸಾಗರದ ಕಡೆ ಸಣ್ಣ ನರ್ಸರಿ ನಡೆಸುತ್ತೇನೆ. ನಿಮ್ಮ ಪೋಸ್ಟಿನಲ್ಲಿ ಉತ್ತರ ಇದೆ: "ಮರದಲ್ಲಿದ್ದ ಕಾಯನ್ನೆಲ್ಲ ಇಳಿಸಿದರು." ಸಪೋಟವನ್ನು ಅಡಿಕೆ ಕೊನೆ ಇಳಿಸಿದ ಹಾಗೆ ಇಳಿಸಲು ಬರಲ್ಲ. ಅದು ವರ್ಷವಿಡೀ ಅಷ್ಟಿಷ್ಟು ಹೂ ಬಿಡುತ್ತಲೇ ಇರುವ ಮರ. ಹೂವಿನಿಂದ ಕಾಯಿ ಬಲಿಯಲು ಏಳರಿಂದ ಹತ್ತು ತಿಂಗಳು ಬೇಕು. ಹಾಗಾಗಿ ಒಂದೇ ಕೊಂಬೆಯಲ್ಲಿ ನಾಳೆ ಹಣ್ಣಾಗುವ ಕಾಯಿಯೂ ಇರುತ್ತೆ, ಇನ್ನು ಮೂರು ತಿಂಗಳು ಬೇಕಾದ ಕಾಯಿಯೂ ಇರುತ್ತೆ. ದೂರದಿಂದ ನೋಡಿದರೆ ಎರಡೂ ಒಂದೇ ಗಾತ್ರ, ಒಂದೇ ಕಂದು ಬಣ್ಣ. ನಿಮಗೆ ಸಿಕ್ಕ ಹನ್ನೆರಡು ಒಳ್ಳೆ ಹಣ್ಣು ಬಲಿತಿದ್ದವು. ಉಳಿದವು ಎಳೆಯವು.

ಅಂಟಿನ ವಿಷಯ. ಈ ಮರದ ಮೈಯೆಲ್ಲ ಹಾಲು. ಎಲೆ ಕಿತ್ತರೂ ಬರುತ್ತೆ, ತೊಗಟೆ ಕೆತ್ತಿದರೂ ಬರುತ್ತೆ. ಇದರ ತವರು ಮೆಕ್ಸಿಕೊ, ಗ್ವಾಟೆಮಾಲ ಕಡೆಯ ಕಾಡು. ಅಲ್ಲಿ ನಮ್ಮ ರಬ್ಬರ್ ಮರದ ಹಾಗೆ ಕಾಂಡಕ್ಕೆ ಗೀರು ಹಾಕಿ ಹಾಲು ಇಳಿಸಿ, ಕುದಿಸಿ ಗಟ್ಟಿ ಮಾಡುತ್ತಿದ್ದರು. ಚಿಕ್ಲೆ ಅಂತ ಅದಕ್ಕೆ ಹೆಸರು. ಹಿಂದೆ ಚೂಯಿಂಗ್ ಗಮ್ ಮಾಡುತ್ತಿದ್ದದ್ದೂ ಅದರಿಂದಲೇ. ಅದೇ ಹಾಲು ಎಳೆ ಕಾಯಿಯಲ್ಲೂ ಸಣ್ಣ ಸಣ್ಣ ನಾಳಗಳಲ್ಲಿ ತುಂಬಿರುತ್ತೆ. ಜೊತೆಗೆ ಟ್ಯಾನಿನ್ ಇರುತ್ತೆ. ನಾಲಿಗೆ ಹಿಡಿದು ಎಳೆಯುವ ಒಗರು ಅದರದ್ದು. ಕಾಯಿ ಮರದಲ್ಲಿ ಬಲಿಯುತ್ತಾ ಹೋದ ಹಾಗೆ ಹಾಲು ಕಡಿಮೆಯಾಗುತ್ತೆ, ಹಣ್ಣಾಗುವಾಗ ಟ್ಯಾನಿನ್ ನಾಲಿಗೆಗೆ ತಾಗದ ಹಾಗೆ ಕಟ್ಟಿಕೊಳ್ಳುತ್ತೆ. ಎಳೆಯದನ್ನು ಕಿತ್ತರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಹಾಲು ಒಳಗೇ ಹೆಪ್ಪುಗಟ್ಟಿ ಗೋಂದಿನ ಗುಳಿಗೆಯಾಗುತ್ತೆ. ನಿಮ್ಮ ಮಗನ ತುಟಿಗೆ ಹತ್ತಿದ್ದು ಅದೇ.

ಈಗ ಒಂದು ಕೆಲಸ ಮಾಡಿ. ಗಟ್ಟಿಯಾಗಿ ಉಳಿದ ಸಪೋಟ ಒಂದನ್ನು ಅಡ್ಡಕ್ಕೆ ಕೊಯ್ದು ಬೀಜದ ಬಣ್ಣ ಹೇಳಿ.

ರಿಪ್ಪನ್‌ಪೇಟೆ ರೈತ

ನಮ್ಮ ಸಪೋಟ ಮರದಲ್ಲೂ ಅಂಟಿನ ತೊಂದರೆ ಇದೆ. ಬುಡದಿಂದ ಎರಡಡಿ ಮೇಲೆ ತೊಗಟೆಯಿಂದ ಬಿಳಿ ಅಂಟು ಸುರಿಯುತ್ತಿದೆ. ಬೋರ್ಡೊ ಹಚ್ಚಬಹುದಾ? ಎಷ್ಟು ಪ್ರಮಾಣ?

ಕಸಿಗತ್ತಿ

ರಿಪ್ಪನ್‌ಪೇಟೆಯವರೇ, ಇವರು ಕೇಳಿದ್ದು ಹಣ್ಣಿನ ಅಂಟು. ನಿಮ್ಮದು ಬೇರೆ ವಿಷಯ. ಅಂಟು ಬರುವ ಜಾಗದಲ್ಲಿ ತೂತು ಇದೆಯಾ, ಮರದ ಹುಡಿ ಉದುರಿದೆಯಾ ನೋಡಿ. ಇದ್ದರೆ ಒಳಗೆ ಹುಳ ಕೂತಿರುತ್ತೆ, ಮೇಲಿಂದ ಬೋರ್ಡೊ ಬಳಿದು ಉಪಯೋಗವಿಲ್ಲ. ಸುಮ್ನೆ ಕತ್ತಿಯ ಏಟು ಬಿದ್ದಿದ್ದರೂ ಹಾಗೇ ಸುರಿಯುತ್ತೆ. ಫೋಟೊ ಹಾಕಿ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಹೇಳುತ್ತೇನೆ.

ಹೊಸನಗರದ ಸೊಸೆ

ಕೊಯ್ದೆ ಅಣ್ಣ. ಮೂರು ಕಾಯಿ ನೋಡಿದೆ. ಎರಡರಲ್ಲಿ ಬೀಜ ಬೆಳ್ಳಗೆ, ಉಗುರು ಹಾಕಿದರೆ ಗುರುತು ಬೀಳುತ್ತೆ. ಒಂದರಲ್ಲಿ ತಿಳಿ ಕಂದು. ಮೊನ್ನೆ ತಿಂದ ಒಳ್ಳೆ ಹಣ್ಣುಗಳಲ್ಲಿ ಬೀಜ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ತಿರುಳಿನಲ್ಲಿ ಸಿಪ್ಪೆಯ ಹತ್ತಿರ ಬಿಳಿ ಚುಕ್ಕೆ ಚುಕ್ಕೆ ಇದೆ, ಮುಟ್ಟಿದರೆ ನೂಲಿನ ಹಾಗೆ ಎಳೆದುಕೊಂಡು ಬರುತ್ತೆ.

ಕಸಿಗತ್ತಿ

ಅಲ್ಲಿಗೆ ಮುಗಿಯಿತು. ಬಿಳಿ ಬೀಜದ ಕಾಯಿ ಭತ್ತದಲ್ಲಿಟ್ಟರೂ ಹಣ್ಣಾಗಲ್ಲ, ಬಂಗಾರದ ಪೆಟ್ಟಿಗೆಯಲ್ಲಿಟ್ಟರೂ ಹಣ್ಣಾಗಲ್ಲ. ಇನ್ನೊಂದು ವಾರ ಬಿಟ್ಟರೆ ಚರ್ಮ ಸುಕ್ಕಾಗಿ ಚಪ್ಪಲಿ ತೊಗಲಿನ ಹಾಗಾಗುತ್ತೆ, ಅಷ್ಟೇ. ದನಕ್ಕೂ ರಾಶಿ ಹಾಕಬೇಡಿ, ಗೊಬ್ಬರದ ಗುಂಡಿಗೆ ಹಾಕಿ.

ತುಂಗೆ ದಂಡೆ

ಹಾಗಾದರೆ ನಮ್ಮ ಅಜ್ಜಿ ಇಟ್ಟಿದ್ದೆಲ್ಲ ಹೇಗೆ ಹಣ್ಣಾಗುತ್ತಿತ್ತು ಸ್ವಾಮಿ? ನಾನು ಕಣ್ಣಾರೆ ಕಂಡಿದ್ದು.

ಕಸಿಗತ್ತಿ

ನಿಮ್ಮ ಅಜ್ಜಿ ಕಣಜಕ್ಕೆ ಹಾಕುವ ಮೊದಲು ಮರದ ಕೆಳಗೆ ನಿಂತು ಏನು ಮಾಡುತ್ತಿದ್ದರು, ಜ್ಞಾಪಿಸಿಕೊಳ್ಳಿ. ಉಗುರಲ್ಲಿ ಕೆರೆದು ನೋಡುತ್ತಿರಲಿಲ್ಲವಾ?

ತುಂಗೆ ದಂಡೆ

ಹ್ಮ್. ನೋಡುತ್ತಿದ್ದರು. "ಇದು ಬೇಡ, ಇದು ಬೇಡ" ಅಂತ ನಮ್ಮನ್ನು ಮರದ ಮೇಲೆ ಕುಣಿಸುತ್ತಿದ್ದರು. ನಾವು ಹುಡುಗರು ಬೈದುಕೊಳ್ಳುತ್ತಿದ್ದೆವು. ಆದರೂ ಭತ್ತಕ್ಕೆ ಕಾವು ಇದೆ ಅನ್ನೋದನ್ನ ನಾನು ಬಿಡಲ್ಲ.

ಕಸಿಗತ್ತಿ

ಕಾವು ಇದೆ ಅನ್ನೋಣ, ಸಪೋಟಕ್ಕೆ ಬೆಚ್ಚಗಿನ ಜಾಗ ಒಳ್ಳೆಯದೇ. ಆದರೆ ಭತ್ತ ಮಾಡುವ ದೊಡ್ಡ ಕೆಲಸ ಬೇರೆ. ಬಲಿತ ಕಾಯಿ ತಾನೇ ಎಥಿಲೀನ್ ಅನ್ನುವ ಗಾಳಿ ಬಿಡುತ್ತೆ. ಅದು ಸುತ್ತ ನಿಂತರೆ ಹಣ್ಣಾಗುವುದು ಜೋರಾಗುತ್ತೆ. ಭತ್ತ, ಹುಲ್ಲು, ಗೋಣಿ, ಎಲ್ಲವೂ ಆ ಗಾಳಿಯನ್ನು ಹಿಡಿದಿಡುತ್ತವೆ, ಅಷ್ಟೇ. ಅವುಗಳಲ್ಲೇ ಏನೂ ಇಲ್ಲ. ಅದಕ್ಕೇ ಎಳೆ ಕಾಯಿಗೆ ಭತ್ತದಿಂದ ಲಾಭವಿಲ್ಲ.

ಈಗ ಮರದ ಕೆಳಗೆ ನಿಂತು ಏನು ನೋಡಬೇಕು ಹೇಳುತ್ತೇನೆ. ಎಳೆ ಸಪೋಟದ ಮೈಮೇಲೆ ಒರಟು ಕಂದು ಹೊಟ್ಟು ಇರುತ್ತೆ. ಬಲಿತ ಕಾಯಿಯನ್ನು ಹೆಬ್ಬೆರಳಲ್ಲಿ ಉಜ್ಜಿದರೆ ಆ ಹೊಟ್ಟು ಹುಡಿಯಾಗಿ ಉದುರಿ, ಕೆಳಗೆ ಆಲೂಗಡ್ಡೆಯ ಹಾಗೆ ನುಣುಪು ಚರ್ಮ ಕಾಣುತ್ತೆ. ಅಲ್ಲೇ ಉಗುರಿಂದ ಮೆಲ್ಲಗೆ ಒಂದು ಗೀರು ಹಾಕಿ. ಗೀರು ಹಸಿರಾಗಿದ್ದು ತಕ್ಷಣ ಹಾಲು ಹನಿಸಿದರೆ ಬಿಟ್ಟುಬಿಡಿ. ಗೀರು ಹಳದಿ ಅಥವಾ ತಿಳಿ ಕಿತ್ತಳೆಯಾಗಿದ್ದು ಹಾಲು ಬರದಿದ್ದರೆ, ಬಂದರೂ ನೀರು ನೀರಾಗಿದ್ದರೆ ಕೊಯ್ಯಿರಿ. ಇನ್ನೊಂದು, ಕಾಯಿಯ ತುದಿಯಲ್ಲಿ ಒಣಗಿದ ಸಣ್ಣ ಮುಳ್ಳಿನ ಹಾಗೆ ಇರುತ್ತೆ ನೋಡಿ, ಹೂವಿನದ್ದು ಉಳಿದದ್ದು. ಬಲಿತ ಕಾಯಿಯಲ್ಲಿ ಅದು ಮುಟ್ಟಿದರೆ ಉದುರುತ್ತೆ. ಎಳೆಯದರಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಗಾತ್ರ ಮಾತ್ರ ನಂಬಬೇಡಿ. ಕ್ರಿಕೆಟ್ ಬಾಲ್ ತಳಿಯ ಎಳೆ ಕಾಯಿ ಕಾಳಿಪಟ್ಟಿಯ ಬಲಿತ ಕಾಯಿಗಿಂತ ದೊಡ್ಡದಿರಬಹುದು.

ಗಾಡಿ ಹಣ್ಣು

ನಾನು ಶಿವಮೊಗ್ಗದಲ್ಲಿ ತಳ್ಳುಗಾಡಿ ಇಟ್ಟವನು. ನಮಗೆ ಬರುವ ಕ್ರೇಟಿನಲ್ಲೂ ಹೀಗೇ, ಹತ್ತಕ್ಕೆ ಎರಡು ಮೂರು ಅಂಟು ಇರುತ್ತೆ. ಗಿರಾಕಿ ಮಾರನೇ ದಿನ ಬಂದು ಬೈಯುತ್ತಾರೆ. ಗೊತ್ತಿರುವ ಒಬ್ಬರು ಪುಡಿ ಕೊಡುತ್ತೇನೆ, ಪೊಟ್ಟಣ ಕಟ್ಟಿ ಕ್ರೇಟಿನಲ್ಲಿಡು, ಒಂದು ರಾತ್ರಿಗೆ ಎಲ್ಲ ಮೆತ್ತಗಾಗುತ್ತೆ ಅಂದರು. ಇಟ್ಟೆ ಒಂದು ಸಲ, ಸುಳ್ಳು ಯಾಕೆ ಹೇಳಲಿ. ಮೆತ್ತಗಾಯ್ತು. ಆದರೆ ಸಪ್ಪೆ, ಅಂಟು ಹಾಗೇ ಇತ್ತು. ಆಮೇಲೆ ಬಿಟ್ಟೆ.

ಕಸಿಗತ್ತಿ

ಅದು ಕಾರ್ಬೈಡ್. ಹಣ್ಣಿಗೆ ಹಾಕುವುದು ಕಾನೂನಿನಲ್ಲಿ ನಿಷೇಧ. ತೇವ ತಾಗಿದರೆ ಅಸಿಟಿಲೀನ್ ಬಿಡುತ್ತೆ, ಅದು ಎಥಿಲೀನಿನ ಹಾಗೇ ನಾಟಕ ಆಡುತ್ತೆ. ಮಾಮೂಲಿ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಅಂಶವೂ ಬೆರೆತಿರುತ್ತೆ. ನೀವು ಬಿಟ್ಟಿದ್ದು ಒಳ್ಳೆಯದಾಯ್ತು. ಸಪ್ಪೆ ಯಾಕೆ ಅಂದರೆ, ಗಾಳಿ ಹೇಳುವುದು "ಈಗ ಶುರು ಮಾಡು" ಅಂತ ಮಾತ್ರ. ಮರದಿಂದ ಬರಬೇಕಾದದ್ದು ಕಾಯಿಯೊಳಗೆ ಬಂದಿರದಿದ್ದರೆ ಶುರು ಮಾಡಿ ಏನು ಪ್ರಯೋಜನ?

ಶಿಕಾರಿಪುರ ಬಯಲು

ಸೀತಾಫಲದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಮಳೆ ಕಡಿಮೆ, ಬದುವಿನ ಮೇಲೆ ತಾನಾಗೇ ಬೆಳೆಯುತ್ತೆ. ನಿಮ್ಮ ಹೊಸನಗರದ ಮಳೆಗೆ ಅದು ನಿಂತಿದ್ದೇ ಹೆಚ್ಚು ಅಕ್ಕಾ.

ಸೀತಾಫಲಕ್ಕೆ ಉಗುರು ಹಾಕಬಾರದು, ಕಣ್ಣು ನೋಡಬೇಕು. ಎಳೆ ಕಾಯಿಯಲ್ಲಿ ಕಣ್ಣುಗಳು ಒತ್ತೊತ್ತಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಡುವಿನ ಗೆರೆಯೂ ಹಸಿರು. ಬಲಿತ ಮೇಲೆ ಕಣ್ಣು ಉಬ್ಬಿ ದೂರ ಸರಿಯುತ್ತೆ, ನಡುವಿನ ಸಂದು ಅಗಲವಾಗಿ ಬೆಣ್ಣೆ ಬಣ್ಣಕ್ಕೆ ತಿರುಗುತ್ತೆ. ನಮ್ಮಲ್ಲಿ "ಕಣ್ಣು ಬಿಟ್ಟಿದೆ" ಅನ್ನುತ್ತೇವೆ. ಕಾಯಿಯ ಸುತ್ತ ಪೂರ್ತಿ ಕಣ್ಣು ಬಿಟ್ಟಿರಬೇಕು. ಬಿಸಿಲು ಬೀಳುವ ಒಂದು ಕಡೆ ಮಾತ್ರ ಬಿಟ್ಟಿದ್ದರೆ ಇನ್ನೆರಡು ದಿನ ಕಾಯಿರಿ. ಹಾಗೆ ಕೊಯ್ದದ್ದು ಎರಡರಿಂದ ನಾಲ್ಕು ದಿನದಲ್ಲಿ ಹಣ್ಣು. ಐದನೇ ದಿನಕ್ಕೂ ಗಟ್ಟಿ ಇದ್ದರೆ ಅದರ ಆಸೆ ಬಿಡಿ.

ಅಕ್ಕಿಯಲ್ಲಿ ಎಂಟು ದಿನ ಅಂದರೆ ಸೀತಾಫಲಕ್ಕೆ ತೀರಾ ಜಾಸ್ತಿ. ಹಣ್ಣಾದ ಮೂರು ಸಿಕ್ಕಿದ್ದೇ ಪುಣ್ಯ. ಒಡೆದಿದ್ದರೆ ಅಕ್ಕಿಗೆ ಇರುವೆ, ಹುಳಿ ವಾಸನೆ ಎರಡೂ ಬರುತ್ತಿತ್ತು.

ಸಾಗರದವಳು, ಈಗ ಬೆಂಗಳೂರು

ಕಪ್ಪಾಗಿದ್ದೆಲ್ಲ ಕೆಟ್ಟದ್ದು ಅಂತ ಎಸೆಯಬೇಕಾ? ನಾನು ಊರಿಂದ ತಂದದ್ದನ್ನು ಫ್ರಿಜ್ಜಿನಲ್ಲಿಟ್ಟೆ, ಮಾರನೇ ದಿನ ಕಪ್ಪು. ಆದರೆ ಮೆತ್ತಗಿತ್ತು. ಒಳಗೆ ಬೆಳ್ಳಗೆ ಚೆನ್ನಾಗೇ ಇತ್ತು.

ಶಿಕಾರಿಪುರ ಬಯಲು

ಕಪ್ಪು, ಮೆತ್ತಗೆ, ಒಳಗೆ ಬಿಳಿ, ಒಳ್ಳೆ ವಾಸನೆ ಇದ್ದರೆ ತಿನ್ನಿ. ಸಿಪ್ಪೆ ಮಾತ್ರ ಬಣ್ಣ ಕೆಟ್ಟಿರುತ್ತೆ. ಕಪ್ಪು, ಗಟ್ಟಿ ಇದ್ದರೆ ಅದು ಎಳೆಯದ್ದರಲ್ಲೇ ಕಮರಿದ್ದು. ಇನ್ನು ಹಣ್ಣಾಗದ ಕಾಯಿಯನ್ನು ಫ್ರಿಜ್ಜಿಗೆ ಹಾಕಲೇಬೇಡಿ, ಅಲ್ಲಿಗೇ ನಿಲ್ಲುತ್ತೆ. ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗಲ್ಲ. ಸಪೋಟಕ್ಕೂ ಇದೇ ಮಾತು ಅನ್ನಿಸುತ್ತೆ, ಕಸಿಗತ್ತಿಯವರು ಹೇಳಲಿ.

ಕಸಿಗತ್ತಿ

ಹೌದು, ಸಪೋಟಕ್ಕೂ ಅದೇ. ಪೂರ್ತಿ ಹಣ್ಣಾದ ಮೇಲೆ ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟು ತಿನ್ನಿ, ರುಚಿ ಜಾಸ್ತಿಯೇ. ಮೊದಲೇ ಇಟ್ಟರೆ ಚಳಿ ಹೊಡೆದು ಗಟ್ಟಿ ಗಟ್ಟಿಯಾಗಿ ಉಳಿಯುತ್ತೆ.

ಗಾಡಿ ಹಣ್ಣು

ಸೀತಾಫಲ ಗಿರಾಕಿಗಳು ಎಲ್ಲ ಕಡೆ ಹೆಬ್ಬೆರಳು ಒತ್ತಿ ನೋಡುತ್ತಾರೆ, ಸಂಜೆಗೆ ಎಲ್ಲ ಗಾಯ. ತೊಟ್ಟಿನ ಬುಡ ಮಾತ್ರ ಮುಟ್ಟಿ ನೋಡಿ ಮಾರಾಯ್ರೆ, ಅಲ್ಲಿ ಮೆತ್ತಗಾಗಿದ್ದರೆ ಒಳಗೂ ಆಗಿದೆ.

ಹೊಸನಗರದ ಸೊಸೆ

ಮರದಲ್ಲಿ ಮೇಲಿನ ಕೊಂಬೆಯಲ್ಲಿ ಇನ್ನೂ ಹತ್ತಿಪ್ಪತ್ತು ಸಪೋಟ ಉಳಿದಿದೆ, ದೋಟಿ ಸಿಗದ ಜಾಗ. ಏಣಿ ಹಾಕಿ ನೋಡುತ್ತೇನೆ. ಕೊಯ್ದ ಮೇಲೆ ಇಡುವ ಕ್ರಮ ಹೇಳಿ ಅಣ್ಣ, ಈ ಸಲ ಸರಿಯಾಗಿ ಮಾಡಬೇಕು.

ಕಸಿಗತ್ತಿ

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಬೀಳಿಸಬೇಡಿ, ಬಿದ್ದ ಜಾಗ ಕೊಳೆಯುತ್ತೆ. ಕೊಯ್ದ ಕೂಡಲೇ ತೊಟ್ಟಿನಿಂದ ಹಾಲು ಬರುತ್ತೆ. ತೊಟ್ಟು ಕೆಳಗೆ ಮಾಡಿ ಗೋಣಿ ಮೇಲೆ ಒಂದು ಗಂಟೆ ಜೋಡಿಸಿಡಿ, ಹಾಲು ಇಳಿದು ಹೋಗಲಿ. ಆಮೇಲೆ ನೀರಲ್ಲಿ ಮೈ ಉಜ್ಜಿ ತೊಳೆದು ಹೊಟ್ಟು ತೆಗೆಯಿರಿ, ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಪೂರ್ತಿ ಒಣಗಿಸಿ. ನಮ್ಮ ಮಲೆನಾಡಿನಲ್ಲಿ ಜನ ಸೋಲುವುದು ಇಲ್ಲೇ. ಒದ್ದೆ ಕಾಯನ್ನು ಅಡೆ ಹಾಕಿದರೆ ಎರಡೇ ದಿನಕ್ಕೆ ತೊಟ್ಟಿನ ಸುತ್ತ ಬಿಳಿ ಬೂಷ್ಟು ಬರುತ್ತೆ.

ಬಿದಿರಿನ ಬುಟ್ಟಿಗೆ ಒಣ ಹುಲ್ಲು ಹಾಸಿ, ಕಾಯಿ ಒಂದೇ ಪದರ ಜೋಡಿಸಿ, ಮಧ್ಯೆ ಚೆನ್ನಾಗಿ ಹಣ್ಣಾದ ಪುಟ್ಟಬಾಳೆ ಎರಡು ಇಟ್ಟು, ಮೇಲೆ ಗೋಣಿ ಮುಚ್ಚಿ. ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮುಚ್ಚಳ ಬೇಡ. ಕಾಯಿಯೂ ಉಸಿರಾಡುತ್ತೆ, ಗಾಳಿ ಸಿಗದಿದ್ದರೆ ಒಳಗೆ ಹೆಂಡದ ವಾಸನೆ ಹೊಡೆಯುತ್ತೆ. ದಿನಾ ಒಂದು ಸಲ ತೆರೆದು, ಹಣ್ಣಾದದ್ದನ್ನು ತೆಗೆಯಿರಿ. ಅಕ್ಕಿ ಡ್ರಮ್ಮಿನಲ್ಲಿ ಈ ನೋಡುವುದೇ ಆಗಲ್ಲ, ಅದಕ್ಕೇ ನನಗೆ ಅದು ಇಷ್ಟವಿಲ್ಲ. ಐದರಿಂದ ಏಳು ದಿನ ಸಾಕು. ಚಳಿ ಜಾಸ್ತಿಯಿದ್ದರೆ ಅಡುಗೆಮನೆ ಅಟ್ಟದ ಮೇಲಿಡಿ.

ಒಂದು ಆಸೆ. ಕೊಯ್ದ ಕಾಯಿಗಳನ್ನು ಬೇರೆ ಬೇರೆ ಗುರುತು ಮಾಡಿ ಇಡಿ. ಪೂರ್ತಿ ಬಲಿತದ್ದು, ಅನುಮಾನದ್ದು, ಹಸಿರು ಗೀರಿನದ್ದು. ನಿಮ್ಮ ಕಣ್ಣಿಗೇ ಗೊತ್ತಾಗಲಿ.

ತುಂಗೆ ದಂಡೆ

ತೊಟ್ಟಿಗೆ ಸುಣ್ಣ ಹಚ್ಚಿದರೆ ಬೇಗ ಹಣ್ಣಾಗುತ್ತೆ ಅಂತ ನಮ್ಮಮ್ಮ ಹಚ್ಚುತ್ತಿದ್ದರು. ಅದೂ ಸುಳ್ಳು ಅನ್ನುತ್ತೀರಾ?

ಕಸಿಗತ್ತಿ

ಸುಳ್ಳು ಅನ್ನಲ್ಲ. ಹಚ್ಚಿದ್ದು, ಹಚ್ಚದ್ದು ಎರಡನ್ನೂ ಪಕ್ಕ ಪಕ್ಕ ಇಟ್ಟು ನಾನು ನೋಡಿಲ್ಲ. ನೀವೇ ಹತ್ತು ಕಾಯಿಗೆ ಹಚ್ಚಿ, ಹತ್ತು ಬಿಟ್ಟು ನೋಡಿ ಹೇಳಿ.

ಹೊಸನಗರದ ಸೊಸೆ (ಹನ್ನೊಂದು ದಿನದ ನಂತರ)

ಬರೆಯುತ್ತೇನೆ ಅಂದಿದ್ದೆ, ಬರೆಯುತ್ತಿದ್ದೇನೆ. ಹನ್ನೆರಡು ಕಾಯಿ ಸಿಕ್ಕಿತು. ಹೊಟ್ಟು ಉದುರಿ, ಗೀರು ಹಳದಿ, ತುದಿ ಮುಳ್ಳು ಮುಟ್ಟಿದರೆ ಬಿದ್ದದ್ದು ಐದು. ಅವಕ್ಕೆ ಕುಂಕುಮದ ಬೊಟ್ಟು ಇಟ್ಟೆ. ಗೀರು ಹಳದಿಯೇ, ಆದರೆ ಮುಳ್ಳು ಗಟ್ಟಿಯಾಗಿ ಕೂತದ್ದು ನಾಲ್ಕು, ಅವಕ್ಕೆ ಸುಣ್ಣದ ಬೊಟ್ಟು. (ತೊಟ್ಟಿಗಲ್ಲ ತುಂಗೆ ದಂಡೆಯವರೇ, ಹೊಟ್ಟೆ ಮೇಲೆ.) ಹಸಿರು ಗೀರಿನದ್ದು ಮೂರು, ಪರೀಕ್ಷೆಗೆ ಅಂತಲೇ ಕಿತ್ತೆ. ಅವಕ್ಕೆ ಇದ್ದಿಲು.

ಐದನೇ ದಿನಕ್ಕೆ ಕುಂಕುಮದ್ದು ಮೂರು ಹಣ್ಣು, ಆರನೇ ದಿನಕ್ಕೆ ಇನ್ನೊಂದು, ಏಳಕ್ಕೆ ಕೊನೆಯದು. ಬೆಲ್ಲ ತಿಂದ ಹಾಗಿತ್ತು. ಎಲ್ಲೂ ಅಂಟಿಲ್ಲ. ಸುಣ್ಣದ್ದರಲ್ಲಿ ಎರಡು ಎಂಟನೇ ದಿನ ಹಣ್ಣಾದವು, ಸಿಪ್ಪೆಯ ಹತ್ತಿರ ಸ್ವಲ್ಪ ಅಂಟು. ಸಿಪ್ಪೆ ದಪ್ಪಗೆ ತೆಗೆದು ತಿಂದೆವು, ನಡುವಿನ ತಿರುಳು ಚೆನ್ನಾಗಿತ್ತು. ಇನ್ನೆರಡು ಒಂದೇ ಕಡೆ ಮೆತ್ತಗೆ. ಇದ್ದಿಲಿನ ಮೂರೂ ಹತ್ತನೇ ದಿನಕ್ಕೆ ಸುಕ್ಕು ಬಿದ್ದು, ನೀವು ಹೇಳಿದ ಹಾಗೇ ಚಪ್ಪಲಿ ತೊಗಲು. ಕೊಯ್ದರೆ ಬೀಜ ಬಿಳಿ.

ಸೀತಾಫಲ ಗಿಡದಲ್ಲಿ ನಾಲ್ಕಿತ್ತು, ಎರಡು ಕಣ್ಣು ಬಿಟ್ಟಿತ್ತು. ಕೊಯ್ದು ಹುಲ್ಲಿನ ಮೇಲಿಟ್ಟೆ, ಮೂರನೇ ದಿನಕ್ಕೆ ಹಣ್ಣು. ಅದರಲ್ಲಿ ಪಾಯಸ ಮಾಡೋಣ ಅಂತ ಹಾಲಿಗೆ ಹಾಕಿ ಕುದಿಸಿದೆ, ಕಹಿಯಾಗಿಬಿಟ್ಟಿತು. ಇದು ಯಾಕೆ?

ಶಿಕಾರಿಪುರ ಬಯಲು

ಅಯ್ಯೋ, ಸೀತಾಫಲ ಕುದಿಸಬಾರದು ಅಕ್ಕಾ. ಬಿಸಿ ತಾಗಿದರೆ ತಿರುಳು ಕಹಿಯಾಗುತ್ತೆ. ಪಾಯಸ ಪೂರ್ತಿ ಆರಿದ ಮೇಲೆ ತಿರುಳು ಬೆರೆಸಬೇಕು. ಮತ್ತೆ ಬೀಜ ಮಿಕ್ಸಿಗೆ ಹಾಕಬೇಡಿ. ಅದರ ಪುಡಿ ಹೇನು ಸಾಯಲು ಹಚ್ಚುವಂಥದ್ದು, ಕಣ್ಣಿಗೆ ಬಿದ್ದರೆ ಆಸ್ಪತ್ರೆಗೇ ಓಡಬೇಕಾಗುತ್ತೆ.

ತುಂಗೆ ದಂಡೆ

ಎಲ್ಲ ಸರಿ. ಗೀರು ನೋಡಿ, ಮುಳ್ಳು ನೋಡಿ, ಕಣ್ಣು ಬಿಡುವ ತನಕ ಕಾಯಿರಿ ಅಂತೀರಲ್ಲ, ಮಂಗ ಕಾಯುತ್ತಾ? ಈ ಹೆಣ್ಣುಮಗಳು ಮೊದಲು ಎಲ್ಲ ಇಳಿಸಿದ್ದು ಅದಕ್ಕೇ ಅಲ್ವಾ?

ಕಸಿಗತ್ತಿ

ಆ ಪ್ರಶ್ನೆಗೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ನಾನು ಬಲಿಯಲು ಬಂದ ಕೊಂಬೆಗೆ ಹಳೇ ಸೀರೆ ಸುತ್ತಿ ಕಟ್ಟುತ್ತೇನೆ, ಬಾವಲಿಗೆ ಅದು ಸಾಕು. ಮಂಗ ಎರಡು ದಿನ ಹೆದರಿ ಮೂರನೇ ದಿನ ಸೀರೆ ಬಿಚ್ಚಿತು. ಈಗ ದಿನ ಬಿಟ್ಟು ದಿನ ಏಣಿ ಹತ್ತಿ ನಾಲ್ಕು ನಾಲ್ಕೇ ಕೊಯ್ಯುತ್ತೇನೆ.

ಗಾಡಿ ಹಣ್ಣು

ಸೀರೆ ಯಾವ ಬಣ್ಣದ್ದು ಅಣ್ಣ? ನಮ್ಮ ಮಾವನ ಮನೇಲಿ ಕೆಂಪು ಕಟ್ಟಿದರೆ ಬರಲ್ಲ ಅಂತಾರೆ.

ಕಸಿಗತ್ತಿ

ಕೆಂಪೇ ಕಟ್ಟಿದ್ದೆ ಮಾರಾಯ್ರೆ. ಅದನ್ನೇ ಹೊದ್ದುಕೊಂಡು ಹಂಚಿನ ಮೇಲೆ ಕೂತಿತ್ತು.